ಓಕರಿಕೆಯ ಹೆದರಿಕೆ ಮಗುವಿನ ಊಟವನ್ನು ನೀರಾಗಿಸಿದಾಗ: ವಿಜಯಪುರದ ಒಂದು ಪ್ರಕರಣ

ವಿಜಯಪುರದ ಹೊರವಲಯದಲ್ಲಿ ವಾಸವಾಗಿರುವ ಕುಟುಂಬವಿದು. ತಂದೆ ಸರಕು ಸಾಗಿಸುವ ಸಣ್ಣ ಗಾಡಿ ಓಡಿಸುತ್ತಾರೆ. ತಾಯಿಗೆ ಇದು ಚೊಚ್ಚಲ ಹೆರಿಗೆ. ಬಾಣಂತನವನ್ನು ಜಮಖಂಡಿ ಕಡೆಯ ತವರಿನಲ್ಲಿ ಮುಗಿಸಿಕೊಂಡು, ಮಗುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಗಂಡನ ಮನೆಗೆ ಮರಳಿದ್ದರು. ಮನೆಯಲ್ಲಿ ಅತ್ತೆ ಇದ್ದಾರೆ, ನಾಲ್ಕು ಮಕ್ಕಳನ್ನು ಬೆಳೆಸಿದವರು. ಮಗು ಹೆಣ್ಣು, ತಿಂಗಳು ತುಂಬಿ ಹುಟ್ಟಿದ್ದು, ಹುಟ್ಟಿದಾಗಿನ ತೂಕ 2.7 ಕಿಲೊ. ತಾಯಿ-ಮಕ್ಕಳ ಆಹಾರದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಈ ಕುಟುಂಬವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿರದಿಂದ ನೋಡಿದ್ದೇನೆ. ಗುರುತು ತಿಳಿಯದಿರಲೆಂದು ಹೆಸರುಗಳನ್ನು ಬಿಟ್ಟು, ನಡೆದದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಮೊದಲು ಬಂದಾಗ ಮಗುವಿಗೆ ನಾಲ್ಕೂವರೆ ತಿಂಗಳು. ತಾಯಿಯ ಅಳಲು ಒಂದೇ: "ಅಕ್ಕಾವರೇ, ನನ್ನ ಹಾಲು ಇವಳಿಗೆ ಸಾಲುತ್ತಿಲ್ಲ." ಮಗು ದಿನವಿಡೀ ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಿತ್ತು. ಮೊದಲು ರಾತ್ರಿ ಒಂದೇ ಸಲ ಏಳುತ್ತಿದ್ದದ್ದು ಈಗ ಮೂರು ಸಲ ಏಳುತ್ತಿತ್ತು. ದೊಡ್ಡವರು ಉಣ್ಣಲು ಕೂತರೆ ತಟ್ಟೆಯನ್ನೇ ನೋಡುತ್ತಿತ್ತು. ಇದಕ್ಕೆಲ್ಲ ಕಳಶವಿಟ್ಟಂತೆ, ಮೊದಲ ಮೂರು ತಿಂಗಳಲ್ಲಿ ಭರಭರನೆ ಏರಿದ ತೂಕ ಈಗ ನಿಧಾನವಾಗಿತ್ತು. ಅತ್ತೆಗೆ ಇವೆಲ್ಲ ಹಸಿವಿನ ಗುರುತುಗಳಾಗಿ ಕಂಡಿದ್ದವು. ಜೋಳದ ಗಂಜಿಯ ತಿಳಿಯನ್ನೋ ಬೇಳೆಯ ಕಟ್ಟನ್ನೋ ಶುರು ಮಾಡಬೇಕೆಂದು ಅವರು ನಿರ್ಧರಿಸಿಯಾಗಿತ್ತು. ಸೊಸೆಗೆ ಅಳುಕಿತ್ತು, ಅದಕ್ಕೇ ಬಂದಿದ್ದರು.

ಈ ನಾಲ್ಕು ಗುರುತುಗಳಲ್ಲಿ ಒಂದೂ ಊಟಕ್ಕೆ ಸಿದ್ಧವಾದ ಗುರುತಲ್ಲ. ಮುಷ್ಟಿ ಚೀಪುವುದು ಮೂರು-ನಾಲ್ಕು ತಿಂಗಳಲ್ಲಿ ಕೈ ಬಾಯಿಗೆ ಎಟಕುವುದನ್ನು ಕಲಿತ ಮಗುವಿನ ಸಹಜ ಆಟ. ಈ ವಯಸ್ಸಿನಲ್ಲಿ ನಿದ್ದೆಯ ಲಯ ಬದಲಾಗುವುದರಿಂದ ಹೊಟ್ಟೆ ತುಂಬಿದ ಮಗುವೂ ರಾತ್ರಿ ಏಳುತ್ತದೆ. ಗಂಜಿ ಕುಡಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ತಟ್ಟೆಯನ್ನು ನೋಡುವ ಮಗು ಗಡಿಯಾರವನ್ನೂ ಫ್ಯಾನನ್ನೂ ಅಷ್ಟೇ ಕುತೂಹಲದಿಂದ ನೋಡುತ್ತದೆ. ಇನ್ನು ತೂಕದ ಏರಿಕೆ ಎಲ್ಲ ಮಕ್ಕಳಲ್ಲೂ ನಾಲ್ಕನೇ ತಿಂಗಳಿನಿಂದ ನಿಧಾನವಾಗುತ್ತದೆ. ಮೊದಲ ಎರಡು ತಿಂಗಳು ತಿಂಗಳಿಗೆ ಸುಮಾರು ಒಂದು ಕಿಲೊ ಏರುವ ಮಗು ಐದನೆಯ ತಿಂಗಳ ಹೊತ್ತಿಗೆ ನಾನೂರು-ಐನೂರು ಗ್ರಾಂ ಏರಿದರೆ ಅದು ಸರಿಯಾದ ಬೆಳವಣಿಗೆಯೇ. ಈ ಮಗುವಿನ ತೂಕ 5.9 ಕಿಲೊ ಇತ್ತು. ತಾಯಿ ಕಾರ್ಡಿನ ತೂಕದ ನಕ್ಷೆಯ ಹಸಿರು ಪಟ್ಟಿಯೊಳಗೆ, ಹುಟ್ಟಿದಾಗ ಹಿಡಿದ ಗೆರೆಯ ಗುಂಟವೇ ಅದು ಸಾಗಿತ್ತು. ದಿನಕ್ಕೆ ಏಳೆಂಟು ಸಲ ಮೂತ್ರ ಮಾಡುತ್ತಿತ್ತು. ಹಾಲು ಸಾಲುತ್ತಿದೆ ಎನ್ನಲು ಇವೆರಡಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಆದರೂ ಬಾಯಿಮಾತಿಗಿಂತ ಕಣ್ಣಾರೆ ಕಂಡದ್ದು ಮನಸ್ಸಿಗೆ ನಾಟುತ್ತದೆ. ಮಗುವನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ, ಸೊಂಟವನ್ನಷ್ಟೇ ಹಿಡಿದುಕೊಳ್ಳಲು ಹೇಳಿದೆ. ಬೆನ್ನು ಬಿಲ್ಲಿನಂತೆ ಬಾಗಿತು, ತಲೆ ಒಂದು ಪಕ್ಕಕ್ಕೆ ವಾಲಿತು. ಆಮೇಲೆ ತೊಳೆದ ಬರಿಯ ಚಮಚವನ್ನು ಕೆಳತುಟಿಗೆ ಮುಟ್ಟಿಸಿದೆ. ಕೂಡಲೇ ನಾಲಿಗೆ ಮುಂದೆ ಬಂದು ಚಮಚವನ್ನು ಹೊರಕ್ಕೆ ನೂಕಿತು. ಮತ್ತೊಮ್ಮೆ ಮುಟ್ಟಿಸಿದರೂ ಹಾಗೆಯೇ. ಇದು ಹಟವಲ್ಲ. ಗಂಟಲಿಗೆ ಗಟ್ಟಿ ವಸ್ತು ಇಳಿಯದಂತೆ ಮಗುವನ್ನು ಕಾಯುವ ಹುಟ್ಟು ಪ್ರತಿಕ್ರಿಯೆ; ನಾಲ್ಕರಿಂದ ಆರು ತಿಂಗಳ ನಡುವೆ ತಾನಾಗಿ ಅಳಿಯುತ್ತದೆ. ಆಸರೆ ಕೊಟ್ಟು ಕೂರಿಸಿದರೆ ಕೂತಿರುವುದು, ತಲೆ ಸ್ಥಿರವಾಗಿ ನಿಲ್ಲುವುದು, ನಾಲಿಗೆ ಚಮಚವನ್ನು ನೂಕದೆ ಒಳಗೆ ಬಿಟ್ಟುಕೊಳ್ಳುವುದು, ತುತ್ತು ಬರುವುದನ್ನು ಕಂಡು ಬಾಯಿ ತೆರೆಯುವುದು, ಇವು ಒಟ್ಟಾಗಿ ಕಂಡರೆ ಮಗು ಸಿದ್ಧವಾಗಿದೆ ಎಂದು ಅರ್ಥ. ಹೆಚ್ಚಿನ ಮಕ್ಕಳಲ್ಲಿ ಇವು ಕೂಡಿ ಬರುವುದು ಆರು ತಿಂಗಳ ಆಸುಪಾಸಿನಲ್ಲಿ. 180 ದಿನ ಬರಿಯ ಎದೆಹಾಲು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮತ್ತು ನಮ್ಮ ಸರ್ಕಾರದ ಸಲಹೆ ಇದಕ್ಕೆ ಹೊಂದಿಕೊಂಡೇ ಇದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ಲೆಕ್ಕ ಬೇರೆ. ಅವರ ವಿಷಯದಲ್ಲಿ ಯಾವಾಗ ಆರಂಭಿಸಬೇಕೆಂದು ವೈದ್ಯರನ್ನೇ ಕೇಳಬೇಕು.

ನಾಲಿಗೆ ಎರಡು ಸಲ ಚಮಚ ನೂಕಿದ್ದನ್ನು ಕಂಡ ಅಜ್ಜಿ ತಾವಾಗಿಯೇ "ಇನ್ನೂ ಎಳಸು" ಎಂದರು. ಅಲ್ಲಿಗೆ ಗಂಜಿಯ ಮಾತು ನಿಂತಿತು.

ಎರಡು ಸಂಗತಿ ಉಳಿದಿದ್ದವು. ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲು ಓದುಗರಿಗೆ ಗೊತ್ತು. ಇಂಥ ಸೆಖೆಯಲ್ಲಿ ನಾಲ್ಕು ಹನಿ ನೀರಾದರೂ ಬೇಡವೇ ಎಂದು ತಂದೆ ಕೇಳಿದರು. ಬೇಡ. ಎದೆಹಾಲಿನ ಬಹುಪಾಲು ನೀರೇ. ಸೆಖೆ ಹೆಚ್ಚಿದ ದಿನ ಮಗುವಿಗೆ ಇನ್ನೆರಡು ಸಲ ಹಾಲೂಡಿಸಿ, ತಾಯಿ ಹೆಚ್ಚು ನೀರು ಕುಡಿದರೆ ಸಾಕು. ಹೊರಗಿನ ನೀರು ಪುಟ್ಟ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ಕಬಳಿಸುತ್ತದೆ, ಜೊತೆಗೆ ಭೇದಿಯನ್ನೂ ತರಬಹುದು. ಇನ್ನೊಂದು, ಸಾಣೆಕಲ್ಲಿನ ಮೇಲೆ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವ ರೂಢಿ. ಜೇನಿನಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ, ಹಸುಳೆಯ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ಸಡಿಲಗೊಳಿಸುವ ವಿಷವನ್ನು ಉಂಟುಮಾಡಬಲ್ಲವು. ಹೀಗಾಗುವುದು ಅಪರೂಪವೇ, ಆದರೆ ಆದಾಗ ಉಸಿರಾಟಕ್ಕೇ ಅಪಾಯ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೆಂದೆ, ಅಜ್ಜಿ ಒಪ್ಪಿದರು.

ಜೂನ್ ಮೊದಲ ವಾರ ಆರು ತಿಂಗಳು ತುಂಬಿದವು. ತೂಕ 6.5 ಕಿಲೊ. ಮಗು ಗೋಡೆಗೆ ಒರಗಿಸಿದ ದಿಂಬಿನ ಆಸರೆಯಲ್ಲಿ ನೆಟ್ಟಗೆ ಕೂರುತ್ತಿತ್ತು, ಚಮಚ ಕಂಡರೆ ಬಾಯಿ ತೆರೆಯುತ್ತಿತ್ತು. ಮನೆಯಲ್ಲಿ ಅನ್ನಪ್ರಾಶನ ನಡೆಯಿತು. ಅಕ್ಕಿ ಮತ್ತು ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ಕಿವುಚಿ, ದಿನಕ್ಕೆ ಎರಡು ಹೊತ್ತು, ಎರಡು-ಮೂರು ಚಮಚದಿಂದ ಆರಂಭಿಸಿದರು. ಮೊದಲ ವಾರ ಮಗು ನುಂಗಿದ್ದಕ್ಕಿಂತ ಗಲ್ಲಕ್ಕೆ ಇಳಿದದ್ದೇ ಹೆಚ್ಚು. ತಾಯಿ ಫೋನ್ ಮಾಡಿ, "ಉಗುಳುತ್ತಾಳೆ, ಮುಖ ಸಿಂಡರಿಸುತ್ತಾಳೆ, ಇವಳಿಗೆ ಸೇರುತ್ತಿಲ್ಲ" ಎಂದು ಸಪ್ಪೆ ದನಿಯಲ್ಲಿ ಹೇಳಿದರು. ಹಾಲಿನ ಹೊರತು ಬೇರೆ ರುಚಿಯನ್ನೇ ಕಾಣದ ಬಾಯಿ ಅದು. ಹೀರುವುದಷ್ಟೇ ಗೊತ್ತಿದ್ದ ನಾಲಿಗೆ ಈಗ ತುತ್ತನ್ನು ಹಿಂದಕ್ಕೆ ದಾಟಿಸುವುದನ್ನು ಕಲಿಯಬೇಕು. ಒಂದು ಪದಾರ್ಥ ಮಗುವಿಗೆ ಒಗ್ಗಲು ಎಂಟು-ಹತ್ತು ಸಲ ರುಚಿ ತೋರಿಸಬೇಕಾಗುವುದು ಸಾಮಾನ್ಯ. ಒತ್ತಾಯ ಮಾಡದೆ, ಬಿಡದೆ, ಮರುದಿನ ಮತ್ತೆ ಕೊಡಿ ಎಂದೆ. ಎರಡನೆಯ ವಾರದಲ್ಲಿ ಅದು ಸರಿಹೋಯಿತು.

ಮೂರನೆಯ ವಾರದಲ್ಲಿ ನಡೆದ ಘಟನೆಯೇ ಈ ಪ್ರಕರಣದ ತಿರುವು. ಒಂದು ಸಂಜೆ ತಂದೆ ತಾವೇ ಉಣ್ಣಿಸಲು ಕೂತರು. ಬೇಯಿಸಿದ ಆಲೂಗಡ್ಡೆಯಲ್ಲಿ ಸರಿಯಾಗಿ ಕಿವುಚದ ಸಣ್ಣ ಗಂಟೊಂದು ಉಳಿದಿತ್ತು. ಮಗು ಕಣ್ಣಗಲಿಸಿ, ನಾಲಿಗೆ ಹೊರಚಾಚಿ, "ಆಕ್" ಎಂದು ಓಕರಿಸಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ತಂದೆ ಗಾಬರಿಯಿಂದ ಕಾಲು ಹಿಡಿದು ತಲೆಕೆಳಗಾಗಿಸಿ, ಬಾಯಿಗೆ ಬೆರಳು ಹಾಕಿ ತಡಕಾಡಿದರು. ಗಂಟು ಹೊರಗೆ ಬಂತು, ಮಗು ಜೋರಾಗಿ ಅತ್ತು ಐದು ನಿಮಿಷದಲ್ಲಿ ನಗುತ್ತಿತ್ತು. ಆದರೆ ಮನೆಯವರ ಎದೆಬಡಿತ ಇಳಿಯಲಿಲ್ಲ. ಮಗು ಉಸಿರುಗಟ್ಟಿ ಸತ್ತ ಯಾವುದೋ ವಿಡಿಯೊವನ್ನು ತಂದೆ ಅದೇ ವಾರ ಮೊಬೈಲಿನಲ್ಲಿ ನೋಡಿದ್ದರಂತೆ. ಅಂದಿನಿಂದ ಮಗುವಿಗೆ ಕೊಡುವುದೆಲ್ಲ ಮಿಕ್ಸಿಗೆ ಹೋಗಬೇಕು, ಆಮೇಲೆ ತೆಳು ಬಟ್ಟೆಯಲ್ಲಿ ಸೋಸಬೇಕು ಎಂದಾಯಿತು. ಸೋಸಿದ್ದು ಚಮಚದಲ್ಲಿ ನಿಲ್ಲದೆ ಚೆಲ್ಲುತ್ತಿತ್ತು. ಹಾಗಾಗಿ ಹಾಲಿನ ಬಾಟಲಿ ಮನೆಗೆ ಬಂತು, ಗಂಜಿ ಇಳಿಯಲೆಂದು ನಿಪ್ಪಲ್ಲಿನ ತೂತನ್ನು ದೊಡ್ಡದು ಮಾಡಿದರು. ಈ ಹೆದರಿಕೆ ನನ್ನವರೆಗೆ ಬರಲಿಲ್ಲ. ಮನೆಯವರಿಗೆ ಅದು ಪ್ರಶ್ನೆಯಾಗಿಯೇ ಉಳಿದಿರಲಿಲ್ಲ, ಪರಿಹಾರವಾದ ವಿಷಯವಾಗಿತ್ತು.

ಜುಲೈ ಕೊನೆಯಲ್ಲಿ, ಏಳೂವರೆ ತಿಂಗಳ ಮಗುವನ್ನು ತೂಗಿದಾಗ ಮುಳ್ಳು 6.55 ತೋರಿಸಿತು. ತಕ್ಕಡಿ ಸರಿಯಿದೆಯೇ ಎಂದು ನೋಡಿ ಇನ್ನೊಮ್ಮೆ ತೂಗಿದೆವು. ಅಷ್ಟೇ. ಒಂದೂವರೆ ತಿಂಗಳಲ್ಲಿ ಐವತ್ತು ಗ್ರಾಂ. ತನ್ನ ಗೆರೆಯ ಮೇಲೆಯೇ ಸಾಗಿದ್ದರೆ ಸುಮಾರು 6.9 ಇರಬೇಕಿತ್ತು. ಕಾರ್ಡಿನಲ್ಲಿ ಬಿಂದು ಇನ್ನೂ ಹಸಿರು ಪಟ್ಟಿಯಲ್ಲೇ ಇತ್ತು. ಅಪಾಯ ಇರುವುದು ಇಲ್ಲೇ. ಬಣ್ಣವನ್ನಷ್ಟೇ ನೋಡುವವರು "ಎಲ್ಲ ಸರಿ" ಎಂದು ಕಾರ್ಡು ಮಡಚಿ ಕೊಡುತ್ತಾರೆ. ನೋಡಬೇಕಾದದ್ದು ಹಿಂದಿನ ಬಿಂದುವಿನಿಂದ ಇಂದಿನ ಬಿಂದುವಿಗೆ ಎಳೆದ ಗೆರೆ ಮೇಲಕ್ಕೆ ಏರುತ್ತಿದೆಯೇ, ಚಪ್ಪಟೆಯಾಗಿದೆಯೇ ಎಂಬುದನ್ನು. ಇಲ್ಲಿ ಗೆರೆ ಚಪ್ಪಟೆಯಾಗಿತ್ತು.

ತೂಕ ನಿಂತ ಮಗುವಿನಲ್ಲಿ ಕಾಯಿಲೆ ಇಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಮಕ್ಕಳ ವೈದ್ಯರು ಪರೀಕ್ಷಿಸಿದರು: ಜ್ವರವಿರಲಿಲ್ಲ, ವಾಂತಿ-ಭೇದಿ ಇರಲಿಲ್ಲ, ಮೂತ್ರದ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಹಿಮೋಗ್ಲೋಬಿನ್ ಮಾತ್ರ 10.1 ಇತ್ತು, ಸೌಮ್ಯ ರಕ್ತಹೀನತೆ. ಊಟದ ಬಗ್ಗೆ ಕೇಳಿದರೆ ತಾಯಿಯ ಉತ್ತರ ಸಮಾಧಾನಕರವಾಗಿಯೇ ಇತ್ತು. "ದಿನಕ್ಕೆ ಮೂರು ಹೊತ್ತು ಉಣ್ಣುತ್ತಾಳೆ, ಪ್ರತಿ ಸಲವೂ ಬಾಟಲಿ ಖಾಲಿ ಮಾಡುತ್ತಾಳೆ." ಬಾಟಲಿ ಎಂಬ ಮಾತು ಬಂದದ್ದರಿಂದ ಮನೆಗೇ ಹೋಗಿ ನೋಡಿದೆ.

ಅಡುಗೆಮನೆಯಲ್ಲಿ ತಾಯಿ ನನ್ನೆದುರೇ ಗಂಜಿ ಮಾಡಿದರು. ಒಂದು ದೊಡ್ಡ ಚಮಚ ಜೋಳದ ಹಿಟ್ಟು, ಒಂದು ಲೋಟ ನೀರು. ಕುದಿ ಬಂದಂತೆ ಅದು ಅಂಟಾಗಿ ಗಟ್ಟಿಯಾಗತೊಡಗಿತು, ಅವರು ಇನ್ನಷ್ಟು ನೀರು ಸುರಿದರು. ಆಮೇಲೆ ಬಟ್ಟೆಯಲ್ಲಿ ಸೋಸಿದರು. ಬಟ್ಟೆಯಲ್ಲಿ ಉಳಿದ ಮುದ್ದೆಯನ್ನು ಹಿಂಡಿ ಪಕ್ಕಕ್ಕಿಟ್ಟರು. ನಾನು ಒಂದು ಚಮಚ ಗಂಜಿ ತೆಗೆದು ಚಮಚವನ್ನು ಸ್ವಲ್ಪ ಓರೆ ಮಾಡಿದೆ. ಒಂದೇ ಸಲಕ್ಕೆ ಹರಿದು ಪಾತ್ರೆಗೆ ಬಿತ್ತು, ಚಮಚ ತೊಳೆದಿಟ್ಟಂತೆ ಹೊಳೆಯಿತು.

ಲೆಕ್ಕವನ್ನು ಅಲ್ಲೇ ಕೂತು ಮಾಡಿದೆವು. ಹತ್ತು ಗ್ರಾಂ ಹಿಟ್ಟಿನಲ್ಲಿ ಸುಮಾರು 35 ಕ್ಯಾಲೊರಿ. ಸೋಸಿದ ಮೇಲೆ ಅಷ್ಟೂ ಉಳಿಯುವುದಿಲ್ಲ. ಮೂರು ಬಾಟಲಿ ಸೇರಿದರೂ ದಿನಕ್ಕೆ ನೂರು ಮುಟ್ಟುವುದು ಕಷ್ಟ. ಈ ವಯಸ್ಸಿನಲ್ಲಿ ಹಾಲಿನ ಜೊತೆಗೆ ಊಟದಿಂದ ಬರಬೇಕಾದದ್ದು ಸುಮಾರು 200. ಇಷ್ಟೇ ಆಗಿದ್ದರೆ ಕೊರತೆ ಅರ್ಧದ್ದು. ಆದರೆ ಹೊಟ್ಟೆ ತುಂಬ ಗಂಜಿ ಕುಡಿದ ಮಗು ಎದೆಹಾಲನ್ನು ಕಡಿಮೆ ಮಾಡಿತ್ತು; ಎಂಟು-ಒಂಬತ್ತು ಸಲ ಕುಡಿಯುತ್ತಿದ್ದದ್ದು ಐದಕ್ಕೆ ಇಳಿದಿತ್ತು. ನೂರು ಮಿಲಿಲೀಟರ್ ಎದೆಹಾಲಿನಲ್ಲಿ 65ರಿಂದ 70 ಕ್ಯಾಲೊರಿ ಇರುತ್ತದೆ, ಅಷ್ಟೇ ಅಳತೆಯ ಆ ಗಂಜಿಯಲ್ಲಿ ಇಪ್ಪತ್ತೂ ಇಲ್ಲ. ಹೀಗೆ ಊಟ ಶುರುವಾದ ಮೇಲೆ ಮಗುವಿಗೆ ಸಿಗುವ ಒಟ್ಟು ಶಕ್ತಿ ಮೊದಲಿಗಿಂತ ಕಡಿಮೆಯಾಗಿತ್ತು. ಬಾಟಲಿ ಖಾಲಿಯಾಗುತ್ತಿತ್ತು, ಮಗು ತೃಪ್ತಿಯಿಂದ ಮಲಗುತ್ತಿತ್ತು, ತೂಕ ಮಾತ್ರ ನಿಂತಿತ್ತು. ಆರೂವರೆ ಕಿಲೊ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿಲಿಲೀಟರ್. ಆ ಜಾಗವನ್ನು ನೀರಿನಿಂದ ತುಂಬಿದರೆ ಊಟಕ್ಕೆ ಜಾಗವೆಲ್ಲಿ?

ತೆಳು ಊಟ ಎಷ್ಟೋ ಮನೆಗಳ ಸಮಸ್ಯೆ. ಮಕ್ಕಳ ಊಟ ತಡವಾಯಿತೋ ಬೇಗವಾಯಿತೋ ಎಂದು ಎಲ್ಲರೂ ಚರ್ಚಿಸುತ್ತಾರೆ, ಅದರ ಗಟ್ಟಿತನವನ್ನು ಕೇಳುವವರು ಕಡಿಮೆ. ಬೇಳೆಯ ಕಟ್ಟಿನಲ್ಲಿ "ಸತ್ವವೆಲ್ಲ ಇಳಿದಿರುತ್ತದೆ" ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನಿಜದಲ್ಲಿ ಸತ್ವ ತಳದಲ್ಲಿ ಕೂತ ಬೇಳೆಯಲ್ಲಿರುತ್ತದೆ. ಅಂದು ಬಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ತೋರಿಸಿ, "ಮಗುವಿನ ಊಟ ಇದು" ಎಂದಾಗ ತಾಯಿಯ ಕಣ್ಣು ತುಂಬಿತು. ಅವರು ಸೋಮಾರಿತನದಿಂದ ಹಾಗೆ ಮಾಡಿರಲಿಲ್ಲ. ದಿನಕ್ಕೆ ಮೂರು ಸಲ ಹಿಂಡಿ ಸೋಸುವುದು ಕಡಿಮೆ ದುಡಿಮೆಯೇನಲ್ಲ.

ಊಟ ಗಟ್ಟಿಯಾಗಬೇಕಿದ್ದರೆ ಮೊದಲು ತಂದೆಯ ಹೆದರಿಕೆ ಇಳಿಯಬೇಕಿತ್ತು. ಓಕರಿಕೆ ಮತ್ತು ಉಸಿರುಗಟ್ಟುವುದು ಎರಡೂ ಒಂದೇ ಎಂದು ಅವರು ತಿಳಿದಿದ್ದರು. ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ, ಮುಖ ಕೆಂಪೇರುತ್ತದೆ, ನಾಲಿಗೆ ತುತ್ತನ್ನು ಮುಂದಕ್ಕೆ ತಳ್ಳುತ್ತದೆ. ಓಕರಿಕೆಯನ್ನು ಎಬ್ಬಿಸುವ ಜಾಗ ಈ ವಯಸ್ಸಿನಲ್ಲಿ ನಾಲಿಗೆಯ ಮುಂಭಾಗಕ್ಕೇ ಇರುತ್ತದೆ, ಹಾಗಾಗಿ ತುತ್ತು ಗಂಟಲ ಹತ್ತಿರ ಹೋಗುವ ಮೊದಲೇ ವಾಪಸು ಬರುತ್ತದೆ. ದಿನ ಕಳೆದಂತೆ, ಗಟ್ಟಿ ಊಟದ ಅಭ್ಯಾಸವಾದಂತೆ ಆ ಜಾಗ ಹಿಂದೆ ಸರಿಯುತ್ತದೆ. ಆಗ ದೊಡ್ಡವರು ಮಾಡಬೇಕಾದದ್ದು ಸುಮ್ಮನೆ ಕೂತು ನೋಡುವುದು. ಉಸಿರುಗಟ್ಟಿದ ಮಗು ಇದಕ್ಕೆ ತದ್ವಿರುದ್ಧ: ಸದ್ದು ನಿಲ್ಲುತ್ತದೆ, ಅಳಲಾಗುವುದಿಲ್ಲ, ಕೆಮ್ಮು ಹೊರಡುವುದಿಲ್ಲ, ತುಟಿ ನೀಲಿಯಾಗುತ್ತದೆ. ಸದ್ದಿದ್ದರೆ ಉಸಿರು ಆಡುತ್ತಿದೆ ಎಂಬುದನ್ನು ತಂದೆ ತಮ್ಮ ಮಾತಿನಲ್ಲಿ ನನಗೆ ತಿರುಗಿ ಹೇಳಿದರು.

ನಿಜವಾಗಿ ಉಸಿರುಗಟ್ಟಿದರೆ ಏನು ಮಾಡಬೇಕೆಂಬುದನ್ನು ಬಟ್ಟೆಯ ಗೊಂಬೆಯ ಮೇಲೆ ಅವರಿಂದಲೇ ಮಾಡಿಸಿದೆ. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಗೆ ಆಸರೆ ಕೊಟ್ಟು, ತಲೆ ಮೈಗಿಂತ ಕೆಳಗಿರುವಂತೆ ಹಿಡಿದು, ಎರಡು ಹೆಗಲ ಎಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವಿನ ಎಲುಬನ್ನು ಐದು ಸಲ ಒತ್ತುವುದು. ವಸ್ತು ಹೊರಬರುವವರೆಗೆ ಎರಡನ್ನೂ ಸರದಿಯಂತೆ ಮಾಡುತ್ತಿರಬೇಕು, ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಬೇಕು. ವಸ್ತು ಕಣ್ಣಿಗೆ ಕಾಣದೆ ಬಾಯಿಗೆ ಬೆರಳು ಹಾಕಬಾರದು, ಅದು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಕಾಲು ಹಿಡಿದು ತಲೆಕೆಳಗೆ ಮಾಡುವುದೂ, ನೆತ್ತಿಗೇರಿತೆಂದು ತಲೆ ತಟ್ಟುವುದೂ ಬೇಡ. ಕೈಗೆ ಕೆಲಸ ಗೊತ್ತಾದ ಮೇಲೆ ತಂದೆಯ ಮುಖದ ಬಿಗಿ ಸಡಿಲಾದದ್ದು ಕಾಣುತ್ತಿತ್ತು. ಕೂರಿಸಿ ಉಣ್ಣಿಸುವುದು, ಮಲಗಿಸಿ ಅಥವಾ ಗಾಡಿಯಲ್ಲಿ ಹೋಗುವಾಗ ಉಣ್ಣಿಸದಿರುವುದು, ಮಗು ಉಣ್ಣುವಾಗ ದೊಡ್ಡವರೊಬ್ಬರು ಎದುರಿಗೇ ಇರುವುದು, ಇಷ್ಟಿದ್ದರೆ ಮೆತ್ತಗೆ ಬೆಂದ, ಕಿವುಚಿದ ಊಟದಿಂದ ಅಪಾಯ ತೀರ ಕಡಿಮೆ.

ಬಾಟಲಿಯನ್ನು ಅಂದೇ ತೆಗೆದಿಟ್ಟೆವು. ಅಡುಗೆಯನ್ನು ಅಜ್ಜಿಗೆ ಒಪ್ಪಿಸಿದೆ, ಆ ಮನೆಯಲ್ಲಿ ಹದ ಗೊತ್ತಿದ್ದವರು ಅವರೇ. ಒಂದು ದಿನದ ಎರಡು ಹೊತ್ತಿಗಾಗುವಷ್ಟು ಕಿಚಡಿಗೆ ಎರಡು ದೊಡ್ಡ ಚಮಚ ಅಕ್ಕಿ, ಒಂದು ದೊಡ್ಡ ಚಮಚ ಹೆಸರುಬೇಳೆ. ಎರಡನ್ನೂ ತೊಳೆದು, ಸಣ್ಣಗೆ ಹೆಚ್ಚಿದ ರಾಜಗಿರಿ ಸೊಪ್ಪೋ ಗಜ್ಜರಿಯೋ ಒಂದು ಹಿಡಿ ಸೇರಿಸಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಬೇಕು. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಇಳಿಸಿದ ಮೇಲೆ ಮಿಕ್ಸಿಗೆ ಹಾಕದೆ ಚಮಚದ ಹಿಂಬದಿಯಿಂದಲೋ ತೊಳೆದ ಬೆರಳಿನಿಂದಲೋ ಕಿವುಚಿ ಒಂದು ಚಿಕ್ಕ ಚಮಚ ತುಪ್ಪ ಬೆರೆಸಬೇಕು. ಹೀಗೆ ಮಾಡಿದ ಒಂದು ಬಟ್ಟಲು ಕಿಚಡಿಯಲ್ಲಿ ಸುಮಾರು 180 ಕ್ಯಾಲೊರಿ ಸಿಗುತ್ತದೆ. ಮಗು ಅರ್ಧ ಬಟ್ಟಲು ಉಂಡರೂ ಹಿಂದಿನ ಇಡೀ ದಿನದ ಗಂಜಿಗೆ ಹತ್ತಿರ ಬರುತ್ತದೆ. ಪರೀಕ್ಷೆ ಸುಲಭ: ಚಮಚ ಓರೆ ಮಾಡಿದರೆ ಊಟ ಅದರ ಮೇಲೆ ನಿಲ್ಲಬೇಕು, ಜೋರಾಗಿ ಕೊಡವಿದರೆ ಮುದ್ದೆಯಾಗಿ ಬೀಳಬೇಕು. ಮುಂಜಾನೆ ಮಾಡಿದ್ದನ್ನು ಸೆಖೆಯಲ್ಲಿ ಸಂಜೆಯವರೆಗೆ ಹೊರಗಿಡಬಾರದು; ಫ್ರಿಜ್ಜಿನಲ್ಲಿಟ್ಟು ಮತ್ತೆ ಚೆನ್ನಾಗಿ ಬಿಸಿ ಮಾಡಬೇಕು, ಫ್ರಿಜ್ಜಿಲ್ಲದಿದ್ದರೆ ಪ್ರತಿ ಹೊತ್ತಿಗೂ ಹೊಸದಾಗಿ ಮಾಡಬೇಕು.

ಜೋಳವನ್ನು ಬಿಡಿಸುವ ಯೋಚನೆ ನನಗಿರಲಿಲ್ಲ. ವಿಜಯಪುರದ ಮಗು ಜೋಳ ಉಣ್ಣದೆ ಬೆಳೆಯಬೇಕೇ? ತೊಂದರೆಯಿದ್ದದ್ದು ಗಂಜಿ ಮಾಡುವ ರೀತಿಯಲ್ಲಿ. ಪಿಷ್ಟ ಬಿಸಿನೀರಿನಲ್ಲಿ ಉಬ್ಬಿ ಅಂಟಾಗುವುದರಿಂದ ಹಿಟ್ಟು ಹೆಚ್ಚಿಸಿದರೆ ಮಗು ನುಂಗಲಾರದು, ಅದಕ್ಕೇ ತಾಯಂದಿರು ನೀರು ಸುರಿಯುತ್ತಾರೆ. ಇದಕ್ಕೆ ಹಳೆಯ ಉಪಾಯವೊಂದಿದೆ. ಗೋಧಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹಗುರವಾಗಿ ಹುರಿದು ಬೀಸಿದ ಹಿಟ್ಟನ್ನು ಕುದಿದ ದಪ್ಪ ಗಂಜಿ ಉಗುರುಬಿಸಿಗಿಂತ ತುಸು ಹೆಚ್ಚು ಬಿಸಿಯಿದ್ದಾಗ ಒಂದು ಚಿಕ್ಕ ಚಮಚ ಬೆರೆಸಿದರೆ, ನಿಮಿಷಗಳಲ್ಲಿ ಗಂಜಿಯ ಅಂಟು ಬಿಟ್ಟು ಅದು ಮೃದುವಾಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಆಮೇಲೆ ಇನ್ನೊಂದು ಕುದಿ ಕೊಟ್ಟು ಆರಿಸಿ ಉಣ್ಣಿಸಬೇಕು. ಇದರಿಂದ ಎರಡು-ಮೂರು ಪಟ್ಟು ಹಿಟ್ಟು ಹಾಕಿದರೂ ಮಗು ನುಂಗಬಲ್ಲದು. ಜೋಳವನ್ನೇ ಮೊಳಕೆ ಕಟ್ಟಿದರೆ ಆಗದೇ ಎಂದು ಸೊಸೆ ಕೇಳಿದಾಗ ಅಜ್ಜಿಯೇ ತಡೆದರು: "ಎಳೆ ಜೋಳದ ಪೈರು ಮೇಯ್ದ ದನ ಉಬ್ಬಸಪಟ್ಟು ಬೀಳುವುದನ್ನು ನೋಡಿಲ್ಲವೇ, ತಂಗಿ?" ಅವರ ಮಾತು ಸರಿ. ಜೋಳದ ಎಳೆ ಮೊಳಕೆಯಲ್ಲೂ ಸೈನೈಡ್ ಬಿಡುವ ಅದೇ ಅಂಶವಿರುತ್ತದೆ, ಮಗುವಿಗೆ ಅದು ಬೇಡ. ಹಿಟ್ಟು, ನುಚ್ಚು, ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ಕಿವುಚಿದ ಬಿಸಿ ರೊಟ್ಟಿಯ ಒಳಭಾಗ, ಇವಕ್ಕೆ ಅಡ್ಡಿಯಿಲ್ಲ.

ಶೇಂಗಾದ ಬಗ್ಗೆ ಮನೆಯವರಿಗೆ ಅನುಮಾನವಿತ್ತು. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ಕೊಟ್ಟರೆ ಅಲರ್ಜಿಯಾಗುತ್ತದೆ ಎಂದು ಯಾರೋ ಹೇಳಿದ್ದರು. ತಡ ಮಾಡುವುದರಿಂದ ಅಲರ್ಜಿ ತಪ್ಪುವುದಿಲ್ಲ, ಬೇಗ ಪರಿಚಯಿಸುವುದೇ ಒಳ್ಳೆಯದೆಂದು ಇಂದು ಗೊತ್ತಾಗಿದೆ. ಹುರಿದು ಸಿಪ್ಪೆ ತೆಗೆದು ನುಣ್ಣಗೆ ಪುಡಿ ಮಾಡಿದ ಶೇಂಗಾವನ್ನು ಮೊದಲ ದಿನ ಕಾಲು ಚಮಚದಷ್ಟು ಕಿಚಡಿಯಲ್ಲಿ ಬೆರೆಸಿ, ಎರಡು ಗಂಟೆ ಮೈಮೇಲೆ ಗಂಧೆ, ತುಟಿ ಊತ, ವಾಂತಿ ಬರುತ್ತದೆಯೇ ಎಂದು ನೋಡಲು ಹೇಳಿದೆ. ಏನೂ ಆಗಲಿಲ್ಲ, ದಿನವೂ ಮುಂದುವರಿಸಿದರು. ಮೈತುಂಬ ತೀವ್ರ ಇಸಬು ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಬೇಕು. ಇಡೀ ಬೀಜ ಮಾತ್ರ ಐದು ವರ್ಷದವರೆಗೂ ಬೇಡ, ನಿಜವಾಗಿ ಉಸಿರು ಕಟ್ಟಿಸುವ ಪದಾರ್ಥಗಳಲ್ಲಿ ಅದೂ ಒಂದು. ತಂದೆಯ ಹೆದರಿಕೆಗೆ ಸರಿಯಾದ ಜಾಗ ಅದು.

ರಕ್ತಹೀನತೆಗೆ ಬೇರೆಯದೇ ಕಾರಣವಿತ್ತು. ಹುಟ್ಟುವಾಗ ತಾಯಿಯಿಂದ ಪಡೆದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಅದನ್ನು ಊಟ ತುಂಬಬೇಕು. ಸೋಸಿದ ಗಂಜಿ ತುಂಬಲಾರದು. ಮನೆಯವರು ಮೊಟ್ಟೆ ಮುಟ್ಟದ ಸಸ್ಯಾಹಾರಿಗಳು, ಅದನ್ನು ಬದಲಿಸಲು ನಾನು ಹೋಗಲಿಲ್ಲ. ಆರು ತಿಂಗಳಿನಿಂದ ವಾರಕ್ಕೆರಡು ಸಲ ಒಂದೊಂದು ಮಿಲಿಲೀಟರ್ ಕೊಡಬೇಕಾದ ಕಬ್ಬಿಣ-ಫೋಲಿಕ್ ಆಮ್ಲದ ಸಿರಪ್ಪನ್ನು ಆಶಾ ಕಾರ್ಯಕರ್ತೆ ಆಗಲೇ ತಂದುಕೊಟ್ಟಿದ್ದರು. ಒಂದು ಸಲ ಕೊಟ್ಟಾಗ ಮಲ ಕಪ್ಪಾಯಿತೆಂದು ಹೆದರಿ ಮೇಲಿನ ಗೂಡಿನಲ್ಲಿ ಇಟ್ಟಿದ್ದರು. ಕಬ್ಬಿಣ ಕೊಟ್ಟಾಗ ಮಲ ಕಪ್ಪಾಗುವುದು ಸಹಜ. ಈಗ ರಕ್ತಹೀನತೆ ಕಂಡಿದ್ದರಿಂದ ವೈದ್ಯರು ಮಗುವಿನ ತೂಕಕ್ಕೆ ತಕ್ಕಂತೆ ದಿನವೂ ಕೊಡುವ ಹನಿ ಬರೆದರು, ಅದು ಮುಗಿಯುವವರೆಗೆ ಸಿರಪ್ಪು ಬೇಡವೆಂದರು. ಊಟದಲ್ಲಿ ಬೇಳೆ ಮತ್ತು ಸೊಪ್ಪಿನ ಮೇಲೆ ನಾಲ್ಕು ಹನಿ ಲಿಂಬೆ ಹಿಂಡಲು ನಾನು ಹೇಳಿದೆ. ಧಾನ್ಯ-ಬೇಳೆಗಳ ಕಬ್ಬಿಣ ಮೈಗೆ ಹತ್ತುವುದು ಕಷ್ಟ, ಲಿಂಬೆಯ ಸಿ ಜೀವಸತ್ವ ಅದನ್ನು ಹತ್ತಿಸುತ್ತದೆ. ಇಂಡಿ ಲಿಂಬೆಯ ನಾಡಿನಲ್ಲಿ ಇದಕ್ಕೆ ಕೊರತೆಯಿಲ್ಲ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಇದಕ್ಕೆ ತದ್ವಿರುದ್ಧ. ಚಹಾದ ಒಗರು ಕಬ್ಬಿಣವನ್ನು ತಡೆಯುತ್ತದೆ, ಮಕ್ಕಳಿಗೆ ಅದನ್ನು ಕೊಡಲೇಬಾರದು.

ಊಟದ ವೇಳೆ ಮೂರು ಹೊತ್ತಾಯಿತು, ಎದೆಹಾಲು ಮತ್ತೆ ಏಳೆಂಟು ಸಲಕ್ಕೆ ಏರಿತು. ಗಟ್ಟಿ ಊಟ ಕಂಡ ಮೊದಲ ನಾಲ್ಕೈದು ದಿನ ಮಗು ಚೆನ್ನಾಗಿಯೇ ಓಕರಿಸಿತು. ಬಾಟಲಿಗೆ ಒಗ್ಗಿದ ನಾಲಿಗೆ ಕಲಿತದ್ದನ್ನು ಮರೆತಿತ್ತು. ತಂದೆ ಎದುರಿಗೆ ಕೂತು ಸದ್ದು ಕೇಳುತ್ತಾ ತಡೆದುಕೊಂಡರಂತೆ. ಅಂಗಡಿಯಲ್ಲಿ ಸಿಗುವ ಡಬ್ಬಿಯ ಸಿರಿಧಾನ್ಯದ ಪುಡಿ ತರಲೇ ಎಂದು ಅವರು ಒಮ್ಮೆ ಕೇಳಿದ್ದರು. ಅಗತ್ಯವಿಲ್ಲ, ಅಂಗನವಾಡಿಯಿಂದ ಈ ವಯಸ್ಸಿನ ಮಕ್ಕಳಿಗೆ ಸಿಗುವ ಪೌಷ್ಟಿಕ ಪುಡಿಯನ್ನು ತಪ್ಪದೆ ತಂದು ಗಟ್ಟಿಯಾಗಿ ಬೇಯಿಸಿ ಕೊಡಿ ಎಂದೆ.

ಸೆಪ್ಟೆಂಬರ್ ಮೊದಲ ವಾರ, ಒಂಬತ್ತು ತಿಂಗಳ ಲಸಿಕೆಗೆ ಬಂದಾಗ ತೂಕ 7.2 ಕಿಲೊ. ಗೆರೆ ಮತ್ತೆ ಏರಿ ತನ್ನ ಹಳೆಯ ಜಾಗವನ್ನು ಬಹುಮಟ್ಟಿಗೆ ಹಿಡಿದಿತ್ತು. ಹಿಮೋಗ್ಲೋಬಿನ್ 11.2 ಆಗಿತ್ತು, ಸಂಖ್ಯೆ ಏರಿದ ಕೂಡಲೇ ನಿಲ್ಲಿಸಿದರೆ ದಾಸ್ತಾನು ತುಂಬುವುದಿಲ್ಲವೆಂದು ವೈದ್ಯರು ಹನಿಯನ್ನು ಇನ್ನೂ ಕೆಲಕಾಲ ಮುಂದುವರಿಸಿದರು. ಎಲ್ಲವೂ ನೇರವಾಗಿಲ್ಲ. ಮಗು ಸೊಪ್ಪನ್ನು ಈಗಲೂ ನಾಲಿಗೆಯಿಂದ ಆರಿಸಿ ಉಗುಳುತ್ತದೆ, ಹಲ್ಲು ಬರುವ ದಿನಗಳಲ್ಲಿ ಎರಡು ಹೊತ್ತಿಗೆ ಇಳಿಯುತ್ತದೆ. ಇನ್ನು ಮುಂದೆ ಕಿವುಚುವುದನ್ನು ಕಡಿಮೆ ಮಾಡಿ, ಬೆರಳಿನಿಂದ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತನೆಯ ಗಜ್ಜರಿ, ಬಾಳೆಹಣ್ಣು, ರೊಟ್ಟಿಯ ಚೂರುಗಳನ್ನು ಅದರ ಕೈಗೇ ಕೊಡಬೇಕು. ಒಂಬತ್ತು-ಹತ್ತು ತಿಂಗಳು ದಾಟಿದರೂ ಗಂಟಿರುವ ಊಟವನ್ನೇ ಕಾಣದ ಮಕ್ಕಳು ಮುಂದೆ ಅಗಿಯಲು ಒಲ್ಲೆನೆಂದು ಹಟ ಹಿಡಿಯುವ ಸಂಭವ ಹೆಚ್ಚು. ಹತ್ತನೆಯ ತಿಂಗಳಿಗೆ ಮತ್ತೆ ತೂಗಲು ಹೇಳಿ ಕಳಿಸಿದೆ. ಊಟ ಹೀಗೆಯೇ ಗಟ್ಟಿಯಾಗಿದ್ದೂ ಗೆರೆ ಚಪ್ಪಟೆಯಾದರೆ ಆಗ ಅಡುಗೆಯನ್ನು ತಿದ್ದುತ್ತಾ ಕೂರದೆ, ನೇರವಾಗಿ ವೈದ್ಯರ ಬಳಿ ಹೋಗಬೇಕೆಂದು ಕಾರ್ಡಿನ ಅಂಚಿನಲ್ಲಿ ಬರೆದುಕೊಟ್ಟಿದ್ದೇನೆ.